ಒಂದೇ ಬೆಳಗ್ಗೆ ಎರಡು ಪೇಪರ್

ಐದನೇ ಸೆಮಿಸ್ಟರಿನ ಟೈಮ್‌ಟೇಬಲ್ ಬಂದ ದಿನ ನಾನು ಅದನ್ನು ಮೂರು ಸಲ ಓದಿದೆ. ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಆದಾಯ ತೆರಿಗೆ. ಅದೇ ಗುರುವಾರ, ಅದೇ ಒಂಬತ್ತೂವರೆಗೆ, ನಾನು ಮೂರನೇ ಸೆಮಿಸ್ಟರಿನಲ್ಲಿ ಫೇಲಾಗಿದ್ದ ಸ್ಟ್ಯಾಟಿಸ್ಟಿಕ್ಸು. ಫೇಲಾದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೇ ಗೊತ್ತಾಗಲು ಬಿಟ್ಟಿರಲಿಲ್ಲ.

ಮಂಡ್ಯದ ನಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ದಿನ ಬದಲಾಯ್ಸೋದು ನಮ್ ಕೈಲಿಲ್ಲ ಕಣಮ್ಮ. ಮೌಲ್ಯಮಾಪನ ಕುಲಸಚಿವರಿಗೆ ಅರ್ಜಿ ಬರಿ. ಎರಡೂ ಹಾಲ್ ಟಿಕೆಟ್ ಜೆರಾಕ್ಸ್ ಇಡು. ಪ್ರಿನ್ಸಿಪಾಲರ ಸೈನ್ ಹಾಕ್ಸಿ ಕೊಡ್ತೀನಿ, ಮೈಸೂರಿಗೆ ತಗೊಂಡೋಗಿ ಯೂನಿವರ್ಸಿಟಿ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬಾ."

ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ನನ್ನ ಮುಂದೆ ನಿಂತಿದ್ದವನು ನನ್ನ ದೊಡ್ಡಪ್ಪನ ಮಗ. ಮದ್ದೂರಿನ ಹತ್ತಿರ ನಮ್ಮದು ಒಂದೇ ಊರು, ಪಕ್ಕಪಕ್ಕದ ಮನೆ, ಕಾಲೇಜಿನಲ್ಲಿ ಒಂದೇ ಕ್ಲಾಸು. "ಅವನ್ನ ನೋಡಿ ಕಲ್ತ್ಕೊ" ಎಂದು ಅವ್ವ ದಿನಕ್ಕೊಮ್ಮೆ ನನಗೆ ಹೇಳುತ್ತಿದ್ದದ್ದು ಇವನ ಬಗ್ಗೆಯೇ. ನನ್ನನ್ನು ಕಂಡದ್ದೇ ತಡ, ಗಾಬರಿಯಿಂದ ಮೆಷಿನ್ನಿನ ಮುಚ್ಚಳದ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಕಾಗದ ಹೊರಗೆ ಬಂದಾಗಿತ್ತು. ಮೂರನೇ ಸೆಮಿಸ್ಟರ್, ಸ್ಟ್ಯಾಟಿಸ್ಟಿಕ್ಸ್, ಪಕ್ಕದಲ್ಲಿ ಹಲ್ಲು ಕಿರಿದ ಅವನದೇ ಫೋಟೋ.

"ಲೋ, ನೀನೂವಾ?"

"ಮೆತ್ತಗ್ ಮಾತಾಡೇ!"

ನಾನು ಒಳ್ಳೆಯವಳೇನಲ್ಲ. ಗುಟ್ಟು ಕಾಯುತ್ತೇನೆ, ಆದರೆ ಅರ್ಜಿ ಅವನೇ ಬರೆಯಬೇಕು, ಮೈಸೂರಿಗೂ ಅವನೇ ಹೋಗಬೇಕು ಎಂದೆ. ಪಾಪ, ಎರಡನ್ನೂ ಮಾಡಿದ. "ಬೇರೊಂದು ದಿನ ಪರೀಕ್ಷೆ ಬರೆಯಲು ಅವಕಾಶ ಮಾಡಿಕೊಡಬೇಕಾಗಿ ಪ್ರಾರ್ಥನೆ" ಎಂದು ಬಲು ಚೆಂದದ ಅಕ್ಷರದಲ್ಲಿ ಬರೆದಿದ್ದ. ನನ್ನ ಹೆಸರನ್ನು ಮಾತ್ರ ತನ್ನದಕ್ಕಿಂತ ಮೇಲೆ ಹಾಕಿದ್ದ. ನೋಡಿದವರು ನನ್ನದೇ ತಪ್ಪೆಂದುಕೊಳ್ಳಲಿ ಅಂತ.

ಹತ್ತು ದಿನ ಕಳೆದ ಮೇಲೆ ಪರಿಷ್ಕೃತ ವೇಳಾಪಟ್ಟಿ ಬಂತು. ಬೇರೆ ಕಾಲೇಜುಗಳಿಂದಲೂ ಇಂಥವೇ ಅರ್ಜಿಗಳು ಹೋಗಿದ್ದವಂತೆ. ನಮ್ಮ ರಿಪೀಟರ್ ಪೇಪರನ್ನು ಎಲ್ಲ ಪರೀಕ್ಷೆ ಮುಗಿದ ಮೇಲಿನ ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ ಹಾಕಿದ್ದರು. ನಾನು ಕುಣಿದೆ. ಅವನು ಕುಣಿಯಲಿಲ್ಲ.

"ಬುದ್ವಾರ ನಮ್ಮನೆ ಗೃಹಪ್ರವೇಸ ಕಣೇ."

ನಿಜ. ಮಕ್ಕಳ ಪರೀಕ್ಷೆಗೆ ತೊಂದರೆಯಾಗಬಾರದು ಎಂದು ದೊಡ್ಡಪ್ಪ ನಮ್ಮ ಟೈಮ್‌ಟೇಬಲ್ ಮುಂದಿಟ್ಟುಕೊಂಡು, ಕೊನೆಯ ಪೇಪರ್ ಮುಗಿದ ಮೇಲಿನ ಮುಹೂರ್ತವನ್ನೇ ಹುಡುಕಿಸಿದ್ದರು. ಕಾರ್ಡು ಊರೆಲ್ಲ ಹಂಚಿಯಾಗಿತ್ತು. ಮತ್ತೆ ಗುಮಾಸ್ತರ ಬಳಿ ಹೋದೆವು.

"ಗೃಹಪ್ರವೇಶಕ್ಕೆಲ್ಲ ದಿನ ಬದಲಾಯ್ಸಲ್ಲ ಕಣ್ರಪ್ಪ," ಎಂದು ನಕ್ಕರು. "ಪೇಪರ್ರಿಗೆ ಪೇಪರ್ ಅಡ್ಡ ಬಂದ್ರೆ ಮಾತ್ರ."

ಬುಧವಾರ ಹನ್ನೊಂದೂವರೆಗೆ ಮೊದಲ ಪಂಕ್ತಿ ಕೂತಿತ್ತು. ಅವನು ರೇಷ್ಮೆ ಪಂಚೆಯುಟ್ಟು ಪಾಯಸ ಬಡಿಸುತ್ತಿದ್ದ, ನಾನು ನೀರು. ಇಬ್ಬರೂ ಮೆಲ್ಲಗೆ ಹಿತ್ತಿಲ ಬಾಗಿಲಿಗೆ ಸರಿಯುವಾಗ ದೊಡ್ಡವ್ವ ಎದುರಾದರು.

"ಎಲ್ಲಿಗ್ರೋ ಒಂಟ್ರಿ?"

ಅವನು ಕಣ್ಣು ಮಿಟುಕಿಸದೆ ಹೇಳಿದ: "ಇವಳ್ದೊಂದು ಫೇಲಾಗಿರೋ ಪೇಪರ್ ಐತೆ ಕಣವ್ವ. ಬುಟ್‌ಬುಟ್ಟು ಬತ್ತೀನಿ."

ಪಕ್ಕದಲ್ಲೇ ಅವ್ವ ನಿಂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅವನ ಅಂಗಿಯ ಜೇಬಿಗೆ ಕೈಹಾಕಿ ಹಾಲ್ ಟಿಕೆಟ್ ಎಳೆದು ದೊಡ್ಡವ್ವನ ಕೈಗಿತ್ತೆ. ದೊಡ್ಡವ್ವನಿಗೆ ಓದು ಬಾರದು, ಆದರೆ ಫೋಟೋ ಗೊತ್ತಾಗುತ್ತದೆ.

"ಅವಳ್ ಪೇಪರ್ರಿಗೆ ನಿನ್ ಪಟ ಯಾಕ್ಲಾ ಐತೆ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗು. ದೊಡ್ಡಪ್ಪ ಮಾತ್ರ ನಗಲಿಲ್ಲ. ಗಡಿಯಾರ ನೋಡಿ, ಹಾಲ್ ಟಿಕೆಟ್ಟನ್ನು ಮಗನ ಕೈಗೆ ವಾಪಸ್ ಕೊಟ್ಟು, "ಬೈಯೋದ್ ಆಮೇಲ್ ಬೈತೀನಿ, ಗಾಡಿ ಅತ್ತಿ" ಎಂದು ಬೈಕ್ ಸ್ಟಾರ್ಟ್ ಮಾಡಿದರು.

ಮೂವರೂ ಒಂದೇ ಬೈಕಿನಲ್ಲಿ. ಮದ್ದೂರಿನಲ್ಲಿ ಮಂಡ್ಯದ ಬಸ್ಸು ಹತ್ತಿಸಿ, "ಮಗಾ, ಪಂಚೇಲೇ ಕೂರಿಸ್ತಾರೇನ್ಲಾ?" ಎಂದು ಮಗನನ್ನು ಕೇಳಿದರು. ಅವನಿಗೆ ಆಗಲೇ ತಾನೇನು ಉಟ್ಟಿದ್ದೇನೆಂದು ಹೊಳೆದದ್ದು. ಆದರೂ ಪರೀಕ್ಷಾ ಕೊಠಡಿಯಲ್ಲಿದ್ದ ಮೇಡಂ ಹಾಲ್ ಟಿಕೆಟ್ ನೋಡಿ, ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಮದುವೆ ಮುಗೀತೇನಪ್ಪ?" ಎಂದರಷ್ಟೆ. ಎಲ್ಲರೂ ತಿರುಗಿ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು.

ಸಂಭ್ರಮದಲ್ಲಿ ಸೂತ್ರವೊಂದು ಮರೆತೇಹೋಯಿತು. ಹೇಗೋ ಬರೆದೆವು, ಇಬ್ಬರೂ ಪಾಸಾದೆವು. ಫಲಿತಾಂಶ ಬಂದ ಸಂಜೆ ಅವನು ನಮ್ಮನೆ ಜಗಲಿಗೆ ಬಂದು ಕೂತು, "ನಿಂಗೆಷ್ಟು?" ಎಂದ. ಅವನ ಅಂಕ ನಾನಾಗಲೇ ನೋಡಿಕೊಂಡಿದ್ದೆ, ನನಗೆ ಅವನಿಗಿಂತ ಎರಡು ಕಡಿಮೆ ಬಂದಿತ್ತು. ನಾನು ನಾಲ್ಕು ಜಾಸ್ತಿ ಎಂದು ಹೇಳಿದೆ.