ಕರಿಯಕ್ಕ ಒಪ್ಪಿಸಿದ ಪಾಠ

ಕರಿಯಕ್ಕನಿಗೆ ಓದು ಬರಹ ಬಾರದು. ಹಂಪಸಾಗರದಲ್ಲಿ ಎರಡನೇ ತರಗತಿಗೆ ಶಾಲೆ ಬಿಟ್ಟವಳು. ಹಗರಿಬೊಮ್ಮನಹಳ್ಳಿಯ ಕಾಲೇಜು ಹುಡುಗರ ಹಾಸ್ಟೆಲೊಂದರಲ್ಲಿ ಹದಿನೇಳು ವರ್ಷ ಅಡುಗೆ ಮಾಡಿದಳು. ಇವತ್ತು ಊಟಕ್ಕೆ ಎಷ್ಟು ಜನ, ಬೇಳೆ ಎಷ್ಟು ಉಳಿದಿದೆ, ಯಾರಿಗೆ ಬದನೆಕಾಯಿ ಆಗುವುದಿಲ್ಲ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬರೆದಿಡಲು ಬಾರದವರು ನೆನಪನ್ನು ಎಷ್ಟು ಜೋಪಾನ ಮಾಡುತ್ತಾರೆ ಎಂಬುದು ಆಕೆಯನ್ನು ನೋಡಿ ನನಗೆ ಗೊತ್ತಾಯಿತು. ಇಲ್ಲಿ ಬರೆದಿರುವುದನ್ನು ಆಕೆಯ ಬಾಯಿಂದ ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಒಂದು ಮಾತೂ ಬದಲಾಗಲಿಲ್ಲ.

ಆ ಹಾಸ್ಟೆಲಿನಲ್ಲಿ ಸಿದ್ದಲಿಂಗ ಎಂಬ ಹುಡುಗನಿದ್ದ. ತೆಲಿಗಿಯವನು, ಬಿ.ಎ. ಕೊನೆಯ ವರ್ಷ. ಅರ್ಥಶಾಸ್ತ್ರದ ಒಂದು ಪೇಪರಿನಲ್ಲಿ ಮೂರು ಸಲ ಫೇಲಾಗಿದ್ದ. ಈ ಸಲವೂ ಹೋದರೆ ಡಿಗ್ರಿ ಕೈಗೆ ಬರುವುದಿಲ್ಲ, ಹಾಸ್ಟೆಲಿನಲ್ಲಿ ಇನ್ನೊಂದು ವರ್ಷ ಇರಲೂ ಆಗುವುದಿಲ್ಲ. ಸೋಮಾರಿಯಲ್ಲ. ಸಂಜೆ ನಾಲ್ಕು ತಾಸು ಕುಳಿತು ಓದುತ್ತಿದ್ದ. ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಕರಿಯಕ್ಕನಿಗೆ ಪಾಠ ಒಪ್ಪಿಸುತ್ತಿದ್ದ. ಆಕೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಅರ್ಥವಾಗದಿದ್ದರೆ ಬಿಡುತ್ತಿರಲಿಲ್ಲ, ಉಳ್ಳಾಗಡ್ಡಿಗೋ ಜೋಳಕ್ಕೋ ಹೋಲಿಸಿ ಹೇಳೆನ್ನುತ್ತಿದ್ದಳು.

ಕೆಲವು ವಾರ ಕೇಳಿದ ಮೇಲೆ ಒಂದು ವಿಷಯ ಆಕೆಯ ಕಣ್ಣಿಗೆ ಬಿತ್ತು. ಬುಧವಾರ ಒಪ್ಪಿಸಿದ ಪಾಠವನ್ನು ಗುರುವಾರ ಬೆಳಿಗ್ಗೆ ಕೇಳಿದರೆ ಸಿದ್ದಲಿಂಗ ತಡವರಿಸದೆ ಹೇಳುತ್ತಿದ್ದ. ಶನಿವಾರ ಸಂಜೆ ಅಷ್ಟೇ ಚೆನ್ನಾಗಿ ಒಪ್ಪಿಸಿದ್ದು ಭಾನುವಾರ ಅರ್ಧವೂ ಇರುತ್ತಿರಲಿಲ್ಲ. ತಲೆಬರಹಗಳು ಬರುತ್ತಿದ್ದವು, ಒಂದಕ್ಕೊಂದು ಇರುವ ಸಂಬಂಧ ಬರುತ್ತಿರಲಿಲ್ಲ. ಶನಿವಾರ ಪಾಠ ಒಪ್ಪಿಸಿದ ಕೂಡಲೇ ಸಿದ್ದಲಿಂಗನೂ ಸೇರಿ ಹುಡುಗರೆಲ್ಲ ಬೈಕು ಹತ್ತಿ ಕುಡಿಯಲು ಹೋಗುತ್ತಿದ್ದರು.

ಅವರಿಗೂ ಒಂದು ಕಟ್ಟುನಿಟ್ಟು ಇತ್ತು. ಓದುವ ಮೊದಲು ಯಾರೂ ಕುಡಿಯುವಂತಿಲ್ಲ. ಓದಿ ಮುಗಿಸಿದ ಮೇಲೆ ತೊಂದರೆ ಇಲ್ಲ, ಪಾಠ ಆಗಲೇ ತಲೆಯೊಳಗೆ ಹೋಗಿ ಆಗಿರುತ್ತದೆ, ಮೇಲೆ ಒಂದಿಷ್ಟು ಹಾಕಿದರೆ ನಿದ್ದೆಯೂ ಚೆನ್ನಾಗಿ ಬರುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು.

ಕರಿಯಕ್ಕ ಇದನ್ನು ಸರ್ಕಾರಿ ಆಸ್ಪತ್ರೆಯ ನರ್ಸ್ ಸುಕನ್ಯಾ ಅವರ ಹತ್ತಿರ ಹೋಗಿ ಕೇಳಿದಳು. ಓದಿದ್ದು ಓದಿದ ಕೂಡಲೇ ಗಟ್ಟಿಯಾಗುವುದಿಲ್ಲ, ಮಲಗಿದಾಗ ಮಿದುಳು ಅದನ್ನು ಮತ್ತೆ ತಿರುವಿ, ಹಳೆಯದಕ್ಕೆ ಜೋಡಿಸಿ ಕೂರಿಸುತ್ತದೆ ಎಂದು ಅವರು ಹೇಳಿದರು. ಕುಡಿದರೆ ಕಣ್ಣು ಬೇಗ ಮುಚ್ಚುತ್ತದೆ ನಿಜ. ಆದರೆ ಕನಸು ಬೀಳುವ ನಿದ್ದೆ ಕಡಿಮೆಯಾಗುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಮತ್ತೆ ಮತ್ತೆ ಒಡೆಯುತ್ತದೆ. ಕೂರಿಸುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದು ಒಂದೇ ರಾತ್ರಿಯ ಕೆಲಸವೂ ಅಲ್ಲ, ಎರಡು ದಿನ ಬಿಟ್ಟು ಕುಡಿದರೂ ಹಿಂದೆ ಓದಿದ್ದಕ್ಕೆ ಪೆಟ್ಟು ಬೀಳಬಹುದು. ಮರುದಿನ ತಲೆ ಭಾರವಾಗಿ ಗಮನ ನಿಲ್ಲದಿರುವುದು ಬೇರೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಆಗುತ್ತದೆ ಎಂದು ಮಾತ್ರ ಹೇಳಬೇಡ ಎಂದರು ಸುಕನ್ಯಾ.

ಪರೀಕ್ಷೆ ಮಂಗಳವಾರ ಇತ್ತು. ಶನಿವಾರ ಹಾಲ್ ಟಿಕೆಟ್ ಬಂದವು. ಹಾಲ್ ಟಿಕೆಟ್ ಬಂದ ದಿನ ಅವನ್ನು ದೇವರ ಫೋಟೋದ ಮುಂದಿಟ್ಟು ಊದಿನಕಡ್ಡಿ ಹಚ್ಚಿ, ಸಂಜೆ ಕೊನೆಯ ವರ್ಷದವರು ಉಳಿದವರಿಗೆ ಕುಡಿಸುವುದು ಅಲ್ಲಿನ ಪದ್ಧತಿ. ಸಿದ್ದಲಿಂಗ ಎರಡು ವರ್ಷ ಬೇರೆಯವರ ಕೈಲಿ ಕುಡಿದಿದ್ದ. ಈಗ ಅವನ ಸರದಿ. ಬರುವುದಿಲ್ಲ ಎಂದರೆ ಮಾನ ಹೋಗುತ್ತದೆ.

ಅವತ್ತು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಕರಿಯಕ್ಕ, ಈ ಸಲ ಆ ಪದ್ಧತಿ ಬೇಡ ಎಂದಳು. ಹುಡುಗರ ಮುಂದಾಳು ಅರುಣಕುಮಾರ್ ನಕ್ಕ. ಪರೀಕ್ಷೆಗೆ ನಡುವೆ ಇನ್ನೂ ಎರಡು ದಿನ ಇದೆ, ಅಷ್ಟರಲ್ಲಿ ಎಲ್ಲ ಇಳಿದುಹೋಗುತ್ತದೆ ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ,

"ಅಕ್ಕಾ, ನಮ್ಮ ಬದ್ಲಿ ನೀನಾ ಪರೀಕ್ಷಾ ಬರಿ. ನಿನಗೂ ಒಂದು ಹಾಲ್ ಟಿಕೆಟ್ ತರಸ್ತೀನಿ" ಎಂದ.

"ತರಸು. ಬರಿಯಾಕ ಬರಂಗಿಲ್ಲ, ಹೇಳಾಕ ಬರತೈತಿ" ಎಂದಳು ಕರಿಯಕ್ಕ. ಸೌಟು ಕೆಳಗಿಟ್ಟು ಸಿದ್ದಲಿಂಗನ ಕಡೆ ತಿರುಗಿದಳು. "ಲೇ ತಮ್ಮಾ, ಹೋದ ಶನಿವಾರ ನನಗ ಒಪ್ಸಿದ್ದು ಹೇಳು. ರೇಟು ಇಳದ್ರ ಮಂದಿ ಯಾಕ ಜಾಸ್ತಿ ಕೊಳ್ತಾರ?"

ಸಿದ್ದಲಿಂಗ ಎದ್ದು ನಿಂತ. ಇಳಿಮುಖ ಸೀಮಾಂತ ತುಷ್ಟಿಗುಣ ಎಂದ. ಆದಾಯ ಪರಿಣಾಮ ಎಂದ. ಅದೇನೆಂದು ಯಾರೋ ಕೇಳಿದರು. ಮತ್ತೆ ಆದಾಯ ಪರಿಣಾಮ ಎಂದೇ ಹೇಳಿದ. ಮೂರನೆಯದರ ಹೆಸರೂ ಬರಲಿಲ್ಲ.

"ಕುಂದ್ರು" ಎಂದಳು ಕರಿಯಕ್ಕ. "ನಾ ಹೇಳ್ತೀನಿ. ಮೊದಲ್ನೇದು, ಒಂದು ರೊಟ್ಟಿ ತಿಂದಾಗಿನ ರುಚಿ ನಾಕನೇ ರೊಟ್ಟಿಗೆ ಇರಂಗಿಲ್ಲ, ಅದಕ್ಕ ರೇಟು ಇಳದ್ರನ ಮುಂದಿಂದು ಕೊಳ್ಳೋದು. ಎರಡನೇದು, ಉಳ್ಳಾಗಡ್ಡಿ ಸೋವಿ ಆದ್ರ ಅದಾ ರೊಕ್ಕದಾಗ ಜಾಸ್ತಿ ಬರ್ತಾವ. ಮೂರನೇದು, ಒಂದು ಸೋವಿ ಆತಂದ್ರ ಅದರ ಬದ್ಲಿ ತರೋ ಇನ್ನೊಂದನ್ನ ಬಿಡ್ತೀವಿ. ನಾಕನೇದು, ಮೊದ್ಲು ಕೊಳ್ಳಲಾರದ ಮಂದೀನೂ ಕೊಳ್ಳಾಕ ಬರ್ತಾರ. ಬರೋಬ್ಬರಿ ಐತೋ ಇಲ್ಲೋ ಪುಸ್ತಕ ತಗದು ನೋಡ್ರಿ."

ಒಬ್ಬ ಪುಸ್ತಕ ತೆಗೆದು ನೋಡಿದ. ನಾಲ್ಕೂ ಸರಿ ಇದ್ದವು.

"ಅಂವ ನಾಕು ತಾಸು ಓದ್ಯಾನ, ನಾ ರೊಟ್ಟಿ ಬಡಕೊಂತ ಒಂದು ಸಲ ಕೇಳೀನಿ. ನಾ ಶಾಣ್ಯಾಕಿ ಅಲ್ಲ. ಬುಧವಾರದ್ದು ಕೇಳಿದ್ರ ಅಂವನೂ ಹೇಳ್ತಾನ. ಆ ದಿನ ಕುಡಿದಿಲ್ಲ. ಅಂವನ ಬುಧವಾರ, ಶನಿವಾರ ಎರಡೂ ನೀವಾ ತೂಗಿ ನೋಡ್ರಿ."

ಅರುಣಕುಮಾರನಿಗೆ ಎಲ್ಲರೆದುರು ತಲೆ ತಗ್ಗಿಸುವಂತಾಯಿತು. ಅಡುಗೆ ಕೆಲಸದವಳು ವಿದ್ಯಾರ್ಥಿಗಳನ್ನು ಅವಮಾನ ಮಾಡುತ್ತಾಳೆ ಎಂದು ದೂರು ಬರೆದು, ಮಧ್ಯಾಹ್ನದೊಳಗೆ ಹತ್ತು ಜನರ ಸಹಿ ಹಾಕಿಸಿದ. ಸಿದ್ದಲಿಂಗ ಸಹಿ ಹಾಕಲಿಲ್ಲ.

ಸಂಜೆ ಗೇಟಿನ ಹತ್ತಿರ ಬೈಕುಗಳು ನಿಂತವು. ಬಾರಲೇ, ಎರಡು ವರ್ಷ ಬೇರೆಯವರ ಕೈಲಿ ಕುಡಿದು ಈಗ ಹೆಂಗಸಿನ ಮಾತಿಗೆ ಅಂಜಿದೆಯಾ ಎಂದು ಅರುಣಕುಮಾರ್ ಕೂಗಿದ. ಸಿದ್ದಲಿಂಗ ಅಡುಗೆಮನೆಯ ಕಟ್ಟೆಯಿಂದ ಏಳಲಿಲ್ಲ.

"ಅಂಜಿಲ್ಲಲೇ. ಮೂರು ಸಲ ಓದಿದ್ದನ್ನ ಮೂರು ಸಲ ನಾನಾ ತೊಳಕೊಂಡೀನಿ. ಈ ಸಲ ತೊಳಕೊಳ್ಳಂಗಿಲ್ಲ" ಎಂದ.

ಬೈಕುಗಳು ಹೋದವು. ಅವುಗಳ ಜೊತೆ ಹೋಗಬೇಕಿದ್ದ ಇನ್ನಿಬ್ಬರು ಕಿರಿಯ ಹುಡುಗರು ಗೇಟಿನಿಂದ ಹಿಂದಿರುಗಿ ಕೋಣೆಗೆ ಹೋದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ದೂರು ತಲುಪಿ ಸೋಮವಾರ ಅಡುಗೆ ಗುತ್ತಿಗೆದಾರ ಸೋಮಶೇಖರ್ ಬಂದರು. ಕೆಟ್ಟ ಮನುಷ್ಯರಲ್ಲ. ತಪ್ಪಾಯಿತು ಎಂದು ಬರೆಸಿಕೊಂಡು ಬಂದಿದ್ದೇನೆ, ಒಂದು ಹೆಬ್ಬೆಟ್ಟು ಒತ್ತಿಬಿಡು, ವಿಷಯ ಇಲ್ಲಿಗೇ ಮುಗಿಯುತ್ತದೆ ಎಂದು ಶಾಯಿಯ ಡಬ್ಬಿ ಮುಂದಿಟ್ಟರು. ಒತ್ತದಿದ್ದರೆ ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂಬುದನ್ನೂ ಹೇಳಿದರು.

"ಏನು ತಪ್ಪು ಮಾಡೀನಿ ಅಂತ ಓದ್ರಿ ಸಾವ್ಕಾರ್ರ" ಎಂದಳು ಕರಿಯಕ್ಕ.

ಅವರು ಓದಿದರು. ವಿದ್ಯಾರ್ಥಿಗಳ ಸ್ವಂತ ವಿಷಯದಲ್ಲಿ ತಲೆ ಹಾಕಿದೆ, ಮುಂದೆ ಹಾಕುವುದಿಲ್ಲ ಎಂದು ಬರೆದಿತ್ತು.

"ಮುಂದನೂ ಹಾಕ್ತೀನ್ರಿ" ಎಂದು ಆಕೆ ಡಬ್ಬಿಯ ಮುಚ್ಚಳ ಮುಚ್ಚಿದಳು.

ಮಂಗಳವಾರ ಬೆಳಿಗ್ಗೆ ಸಿದ್ದಲಿಂಗ ಪರೀಕ್ಷೆಗೆ ಹೊರಡುವ ಮುನ್ನ ನಾಲ್ಕು ಕಾರಣಗಳನ್ನೂ ಹೇಳಿ ಹೋದ. ಅದು ಅಲ್ಲಿ ಆಕೆಯ ಕೊನೆಯ ದಿನವಾಗಿತ್ತು. ಮರುದಿನ ಸೋಮಶೇಖರ್ ಆಕೆಯನ್ನು ಹರಪನಹಳ್ಳಿಯ ಇನ್ನೊಂದು ಹಾಸ್ಟೆಲಿಗೆ ಕಳಿಸಿದರು. ಈಗ ದಿನಾ ಬೆಳಗಿನ ಬಸ್ಸು ಹಿಡಿಯಬೇಕು. ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಸಿದ್ದಲಿಂಗ ಪಾಸಾಗಿದ್ದ. ದೊಡ್ಡ ಅಂಕವೇನಲ್ಲ, ಪಾಸಾಗಲು ಬೇಕಿದ್ದಕ್ಕಿಂತ ಒಂಬತ್ತು ಹೆಚ್ಚು. ತೆಲಿಗಿಯಿಂದ ಹರಪನಹಳ್ಳಿಗೆ ಬಂದು ಆಕೆಗೆ ಹೇಳಿ ಹೋದ.

ಹೊಸ ಹಾಸ್ಟೆಲಿನಲ್ಲಿ ಮೊದಲ ದಿನ ಸೋಮಶೇಖರ್ ಆಕೆಯನ್ನು ಪಕ್ಕಕ್ಕೆ ಕರೆದು, ಇಲ್ಲಿ ಸುಮ್ಮನೆ ಅಡುಗೆ ಮಾಡಿಕೊಂಡಿರು ಎಂದು ಕೈಮುಗಿದಿದ್ದರಂತೆ. ಆಕೆ ಸೆರಗು ಬಿಗಿದು ಹಿಟ್ಟು ನಾದತೊಡಗಿದಳು. ತಟ್ಟೆ ಹಿಡಿದು ಮೊದಲು ಬಂದ ಹುಡುಗನಿಗೆ ರೊಟ್ಟಿ ಹಾಕುವ ಮುನ್ನ ಕೇಳಿದಳು:

"ನಿನ್ನಿ ಏನ್ ಓದಿದ್ಯೋ ತಮ್ಮಾ? ಒಪ್ಸು ನೋಡೂಣು."