ಉಪವಾಸವಿದ್ದರೂ ಏರುತ್ತಿದ್ದ ಸಕ್ಕರೆ

ಆ ಬೆಳಿಗ್ಗೆಯೂ ಹಾಲನ್ನು ಒಲೆಯ ಮೇಲಿಟ್ಟು, ಯಜಮಾನರ ಬೆರಳು ಚುಚ್ಚಿ ಶುಗರ್ ನೋಡಲು ಕುಳಿತೆ. ಬೆಳಗಿನ ಶುಗರ್ ನೂರಮೂವತ್ತರೊಳಗೆ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡೋಣ ಎಂದಿದ್ದರು ಡಾಕ್ಟರು. ರಾತ್ರಿ ಒಂದೇ ಚಪಾತಿ ಕೊಟ್ಟರೂ ಅದು ಏರಿಯೇ ಇರುತ್ತಿತ್ತು. ಕದ್ದು ತಿನ್ನುತ್ತಾರೆಂದು ನಾನು ಬೆಲ್ಲದ ಡಬ್ಬಿಯನ್ನು ಅಕ್ಕಿ ಡ್ರಮ್ಮಿನೊಳಗೆ ಹುದುಗಿಸಿದ್ದೆ!

ಕಾರಣ ತಿಳಿದದ್ದು, ಬೀದಿಗೇ ಕೇಳುವ ಅವರ ಗೊರಕೆಯ ಸುದ್ದಿ ಕೇಳಿ ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿದ ಮೇಲೆ. ಗೊರಕೆಯ ನಡುವೆ ಗಂಟಲು ಮುಚ್ಚಿಕೊಂಡು ಅವರ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಆಗೆಲ್ಲ ಮೈ ಗಾಬರಿಬಿದ್ದು ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ, ಅವು ಲಿವರ್‌ನಿಂದ ರಕ್ತಕ್ಕೆ ಸಕ್ಕರೆ ಹರಿಸುತ್ತವೆ ಎಂದರು ಡಾಕ್ಟರು. ಮೊದಲಿನ ಶುಗರ್ ಮಾತ್ರೆಯ ಜೊತೆಗೆ, ಮಲಗುವಾಗ ಗಂಟಲು ಮುಚ್ಚದಂತೆ ಗಾಳಿ ಒತ್ತುವ ಮಾಸ್ಕ್ ಬಂತು. ಸಂಜೆಯ ಕಾಫಿ ನಿಂತಿತು. ದಿನವೂ ಒಂದೇ ಹೊತ್ತಿಗೆ ಮಲಗುವ ನಿಯಮವಾಯಿತು, ಮೊಬೈಲು ಅಡುಗೆಮನೆಗೆ ಹೋಯಿತು. ಅಂಗಾತ ಹೊರಳದಿರಲೆಂದು ಅವರ ಬೆನ್ನಿಗೆ ದಿಂಬನ್ನೂ ಒತ್ತಾಗಿಟ್ಟೆ.

ಕೆಲವು ವಾರಗಳಿಂದ ಶುಗರ್ ನಿಧಾನವಾಗಿ ಇಳಿಯುತ್ತಿತ್ತು. ಆ ಬೆಳಿಗ್ಗೆ ಮೀಟರಿನಲ್ಲಿ ಬಂದ ಅಂಕಿ ನೋಡಿ ಕೂಗಿಯೇಬಿಟ್ಟೆ: "ರೀ, ನೂರಿಪ್ಪತ್ತೆಂಟು ಕಣ್ರೀ!"

"ಈಗಲಾದ್ರೂ ಹೇಳೇ, ಬೆಲ್ಲ ಎಲ್ಲಿಟ್ಟಿದ್ದೀಯ?" ಎಂದರು. ಕೆನ್ನೆಯ ಮೇಲೆ ಮಾಸ್ಕಿನ ಪಟ್ಟಿಯ ಗೆರೆ ಇನ್ನೂ ಇತ್ತು. ಅತ್ತ ಹಾಲು ಉಕ್ಕಿ ಹರಿದಿತ್ತು.

ಡಾಕ್ಟರಿಗೆ ಫೋನ್ ಮಾಡಿದೆವು. ಇನ್ಸುಲಿನ್ ಸದ್ಯಕ್ಕೆ ಬೇಡ, ಮಾತ್ರೆ, ಮಾಸ್ಕ್ ಎರಡನ್ನೂ ಬಿಡಬೇಡಿ ಎಂದರು. ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸಂಜೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ಗೋಡೆಯಾಚೆಯ ಮನೆಯಲ್ಲಿರುವ, ಕುಂದಲಹಳ್ಳಿಯಲ್ಲೇ ಹುಟ್ಟಿ ಬೆಳೆದ ಅಜ್ಜಿ ಸೊಪ್ಪು ಬಿಡಿಸುತ್ತಲೇ ಕೇಳಿದರು:

"ಏನವ್ವಾ, ನಿಮ್ ಯಜಮಾನ್ರು ಊರಿಗೋಗವ್ರಾ? ಸುಮಾರ್ ದಿನದಿಂದ ರಾತ್ರಿ ಸದ್ದೇ ಇಲ್ವಲ್ಲ!"