ಟೈಪಕ್ಕ ಬದಲಿಸಿದ ಮೊದಲ ಸಾಲು

ನಮ್ಮ ರಾಜಿ ಕೇಂದ್ರದಲ್ಲಿ ಮಾತಾಡುವವನು ನಾನು, ಟೈಪ್ ಮಾಡುವವರು ಟೈಪಕ್ಕ. ನ್ಯಾಯಾಲಯ ನಮ್ಮಲ್ಲಿಗೆ ಕಳಿಸಿದ ವ್ಯಾಜ್ಯ ರಾಜಿಯಾದರೆ ಅದು ನನ್ನ ನಾಲಿಗೆಯ ಪುಣ್ಯ, ಮುರಿದುಬಿದ್ದರೆ ಕಕ್ಷಿದಾರರ ಹಟ ಎಂದು ಹತ್ತು ವರ್ಷ ನಂಬಿಕೊಂಡಿದ್ದೆ. ವಕೀಲಿ ಬಿಟ್ಟು ಮಧ್ಯಸ್ಥಗಾರನಾದವನಿಗೆ ಜಂಬ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದನ್ನು ಇಳಿಸಿದವರು ಈ ಟೈಪಕ್ಕ.

ಮೂರು ತಿಂಗಳ ಕೆಲಸಕ್ಕೆಂದು ಬಂದ ಅವರು ಹತ್ತೊಂಬತ್ತು ವರ್ಷ ಅಲ್ಲೇ ಉಳಿದರು. ಯಾರಾದರೂ ಕೇಳಿದರೆ, "ನಾನಿನ್ನೂ ತಾತ್ಕಾಲಿಕವೇ, ಈ ಕುರ್ಚಿ ಮಾತ್ರ ಖಾಯಂ" ಎನ್ನುತ್ತಿದ್ದರು. ಕನ್ನಡಕಕ್ಕೆ ದಾರ, ಬೆನ್ನಿಗೆ ಮನೆಯಿಂದ ತಂದ ದಿಂಬು, ಕಾಗದ ಕಚ್ಚಿಕೊಳ್ಳುವ ಪ್ರಿಂಟರಿಗೆ ದಿನಕ್ಕೆರಡು ಬೈಗುಳ. ದುಂಡು ಮೇಜಿನ ಸುತ್ತ ನಾವು ಗಂಟಲು ಹರಿದುಕೊಳ್ಳುವಾಗ ಅವರು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಕೋಣೆಯಲ್ಲಿ ಟೈಪಿಸ್ಟ್ ಬಾಯಿ ತೆರೆಯಬಾರದು ಎಂಬುದು ನಿಯಮ. ನೋಡಬಾರದು ಎಂಬ ನಿಯಮ ಇರಲಿಲ್ಲ.

ಆ ವರ್ಷ ಒಬ್ಬ ಟೈಲರ್ ಮತ್ತು ಅವನ ಅಂಗಡಿಯ ಮಾಲೀಕರ ವ್ಯಾಜ್ಯ ಬಂತು. (ಇದನ್ನು ಬರೆಯಲು ಎರಡೂ ಕಡೆಯವರು ಒಪ್ಪಿದ್ದಾರೆ.) ಅಂಗಡಿಯ ಅಗಲ ಹನ್ನೆರಡು ಅಡಿ. ಟೈಲರ್ ಇಪ್ಪತ್ತಾರು ವರ್ಷದಿಂದ ಅಲ್ಲೇ ಹೊಲಿಯುತ್ತಿದ್ದ, ಅವನ ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜ ಹಾಕಿ ಗುಂಡಿ ಹಚ್ಚುತ್ತಿದ್ದಳು. ಅಂಗಡಿ ಪೂರ್ತಿ ಖಾಲಿಯಾಗಬೇಕು ಎಂದು ಮಾಲೀಕರ ದಾವೆ. ಅವರ ಮಹಡಿಗೆ ಹತ್ತಲು ಮೆಟ್ಟಿಲಿಗೆ ಜಾಗವಿಲ್ಲದೆ ಅದು ನಾಲ್ಕು ವರ್ಷದಿಂದ ಬೀಗ ಹಾಕಿಕೊಂಡಿತ್ತು. ಕೊನೆಗೆ ಮಾಲೀಕರು ಒಂದು ಮೆಟ್ಟಿಲು ಇಳಿದರು: ನಾಲ್ಕು ಅಡಿ ನಮಗೆ, ಉಳಿದ ಎಂಟು ಅಡಿ ಇಪ್ಪತ್ತು ವರ್ಷ ಟೈಲರಿಗೆ, ಬರಹದಲ್ಲಿ.

ರಾಜಿಯ ಪ್ರಸ್ತಾಪ ಬರೆಯಲು ನಮ್ಮಲ್ಲಿ ಅಚ್ಚು ಮಾಡಿಸಿದ ಹಾಳೆ ಇತ್ತು. ಪ್ರತಿ ಕಡೆಯವರಿಗೂ ಒಂದೊಂದು. ಮೊದಲ ಸಾಲು "ಬಿಟ್ಟುಕೊಡುವುದು", ಅದರ ಕೆಳಗೆ "ಉಳಿಯುವುದು". ಯಾವ ಕಾಲದಲ್ಲಿ ಯಾರು ಮಾಡಿದರೋ, ನಾವು ಕಣ್ಣುಮುಚ್ಚಿ ತುಂಬುತ್ತಿದ್ದೆವು. ಟೈಲರನ ಹಾಳೆಯಲ್ಲಿ ಮೊದಲ ಸಾಲು: ಅಂಗಡಿಯ ನಾಲ್ಕು ಅಡಿ. ಅವನು ಅಷ್ಟು ಓದಿ ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟ.

"ಇಪ್ಪತ್ತಾರು ವರ್ಷ ಕಾಲು ಸವೆಸಿದ ಜಾಗ ಸರ್. ನಾಲ್ಕಡಿ ಯಾಕೆ, ನಾಲ್ಕಂಗುಲ ಬಿಡಲ್ಲ. ಕೋರ್ಟಲ್ಲೇ ನೋಡ್ಕೋತೀನಿ. ಬಂದ್ರೆ ಹಣ್ಣು, ಹೋದ್ರೆ ಕಲ್ಲು."

ಅವನ ಕೈಯಲ್ಲಿದ್ದದ್ದು ಕಲ್ಲಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಅದು ಸಂಸಾರದ ಅನ್ನದ ಅಂಗಡಿ. ಇಂಥ ಹತ್ತು ದಾವೆಗಳಲ್ಲಿ ಏಳರಲ್ಲಿ ಬಾಡಿಗೆದಾರ ಪೂರ್ತಿ ಖಾಲಿ ಮಾಡಿದ್ದಾನೆ, ಮೂರರಲ್ಲಿ ಪೂರ್ತಿ ಉಳಿಸಿಕೊಂಡಿದ್ದಾನೆ ಎಂದು ಅವನ ವಕೀಲರೇ ಅವನಿಗೆ ಹೇಳಿದ್ದರು. ನಾನು ಎರಡು ಗಂಟೆ ಬುದ್ಧಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅತ್ತ ಮಾಲೀಕರೂ ತಮ್ಮ ಹಾಳೆಯ ಮೊದಲ ಸಾಲು ನೋಡಿ ಮುಖ ಸಿಂಡರಿಸಿದರು: ಇಪ್ಪತ್ತು ವರ್ಷ ಎಂಟು ಅಡಿ ಬಿಟ್ಟುಕೊಡುವುದು. "ನನ್ನ ಕಟ್ಟಡ, ನಾನೇ ಬಿಡೋದಾ? ಮುಂದಿನ ಸಲಕ್ಕೆ ಇದೂ ಇಲ್ಲ" ಎಂದು ಎದ್ದರು. ಉಳಿದದ್ದು ಒಂದೇ ಸಲ, ಮುಂದಿನ ಗುರುವಾರ. ಅದೂ ಮುರಿದರೆ ಕಡತ ವಾಪಸು ನ್ಯಾಯಾಲಯಕ್ಕೆ.

ಅವರೆಲ್ಲ ಹೋದ ಮೇಲೆ ಟೈಪಕ್ಕ ದಿಂಬು ಸರಿಮಾಡಿಕೊಂಡು ಕೇಳಿದರು. "ಸರ್, ನೀವು ಅವರ ಮುಖ ನೋಡ್ತೀರ. ಬೆರಳು ನೋಡಿದೀರಾ?"

"ಯಾರ ಬೆರಳು?"

"ಓದೋರದ್ದು. ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ. ಮೊದಲನೇ ಸಾಲಿಗೆ ಬೆರಳು ನಿಂತುಬಿಡತ್ತೆ. ಎರಡನೇದಕ್ಕೆ ಇಳಿಯೋದೇ ಇಲ್ಲ. ಏನೋ ಕಳ್ಕೊತಿದೀನಿ ಅಂತ ಅನ್ನಿಸಿದ ಕೂಡಲೇ ಮನುಷ್ಯ ಇರೋದನ್ನೆಲ್ಲ ಪಣಕ್ಕಿಡ್ತಾನೆ. ಕೈಲಿ ಏನಿದೆ ಅಂತ ಕಂಡ್ರೆ ಗಟ್ಟಿಯಾಗಿ ಹಿಡ್ಕೊತಾನೆ."

ಗುರುವಾರ ಮುಂಜಾನೆ ಹೊಸ ಹಾಳೆಗಳು ಮೇಜಿನ ಮೇಲಿದ್ದವು. ಟೈಲರನ ಹಾಳೆಯ ಮೊದಲ ಸಾಲು "ಕೈಯಲ್ಲಿರುವುದು: ಎಂಟು ಅಡಿ, ಇಪ್ಪತ್ತು ವರ್ಷ." ಆಮೇಲೆ "ಬಿಟ್ಟುಕೊಡುವುದು: ನಾಲ್ಕು ಅಡಿ." ಕೊನೆಗೆ "ರಾಜಿಯಾಗದಿದ್ದರೆ: ಸೋತರೆ ಏನೂ ಇಲ್ಲ, ಗೆದ್ದರೆ ಹನ್ನೆರಡು ಅಡಿ." ಅದರ ಪಕ್ಕದಲ್ಲಿ ವಕೀಲರು ಹೇಳಿದ ಲೆಕ್ಕ: ಹತ್ತರಲ್ಲಿ ಏಳು, ಮೂರು. ಮಾಲೀಕರ ಹಾಳೆಯ ಮೊದಲ ಸಾಲು: "ಮೆಟ್ಟಿಲಿಗೆ ನಾಲ್ಕು ಅಡಿ, ಮಹಡಿಯ ಬೀಗ ಈ ತಿಂಗಳೇ ತೆರೆಯುವುದು." ಪ್ರಸ್ತಾಪ ಅದೇ, ಅಡಿಗಳೂ ಅಷ್ಟೇ.

ನನಗೆ ಸಿಟ್ಟು ಬಂತು. "ಇದು ಕಣ್ಕಟ್ಟಲ್ವಾ ಟೈಪಕ್ಕ?"

"ಏನಾದ್ರೂ ಮುಚ್ಚಿಟ್ಟಿದೀನಾ ಸರ್? ನಾಲ್ಕಡಿ ಹೋಗೋದೂ ಅಲ್ಲೇ ಇದೆ, ಗೆದ್ರೆ ಹನ್ನೆರಡು ಅನ್ನೋದೂ ಇದೆ. ಹಳೇ ಹಾಳೆಯಲ್ಲೂ ಒಂದು ಮೊದಲು ಇತ್ತು, ಒಂದು ಆಮೇಲೆ ಇತ್ತು. ಅದನ್ನ ಯಾರೂ ಕಣ್ಕಟ್ಟು ಅನ್ನಲಿಲ್ಲ."

ಎರಡೂ ಕಡೆಯವರು ಬಂದರು. ಹಾಳೆಗಳನ್ನು ಹಾಗೇ ಕೊಟ್ಟೆ.

ಟೈಲರನ ಬೆರಳು ಮೊದಲ ಸಾಲಿನ ಮೇಲೆ ನಿಂತಿತು. ನಾನು ಈ ಸಲ ಮುಖ ಬಿಟ್ಟು ಬೆರಳನ್ನೇ ನೋಡುತ್ತಿದ್ದೆ. ಅದು ಮೆಲ್ಲಗೆ ಎರಡನೇ ಸಾಲಿಗೆ ಇಳಿಯಿತು, ಮೂರನೇದಕ್ಕೂ ಇಳಿಯಿತು, "ಏನೂ ಇಲ್ಲ" ಎಂಬಲ್ಲಿ ಸ್ವಲ್ಪ ಹೊತ್ತು ನಿಂತು ಮತ್ತೆ ಮೇಲಕ್ಕೆ ಬಂತು.

ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಕೇಳಿದಳು. "ರೀ, ಕತ್ತರಿಸೋ ಮೇಜು ಎಷ್ಟುದ್ದ?"

"ಆರಡಿ."

"ಅದು ಹಿಡಿಸಿ ನನ್ನ ಸ್ಟೂಲಿಗೂ ಎರಡಡಿ ಉಳೀತಲ್ಲ. ಬಟ್ಟೆ ಕತ್ತರಿಸಿದ ಮೇಲೆ ನೀವು ಕೆಳಗೆ ಬಿದ್ದ ಚೂರು ಅಳೀತಾ ಕೂರ್ತೀರಾ?"

ಟೈಲರ್ ತಲೆ ಎತ್ತಿದ. ಹಿಂದಿನ ಸಲ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಕೇಳಿದ. "ಯಾವ ಎಂಟಡಿ ಸರ್? ಕಿಟಕಿ ಕಡೇದು ಕೊಡಿ. ದಾರದ ಬಣ್ಣ ಹೊಂದಿಸೋಕೆ ನಂಗೆ ಬೆಳಕು ಬೇಕು."

ಎಲ್ಲವೂ ಹೋಗುತ್ತದೆ ಎಂದುಕೊಂಡವನು ಕಿಟಕಿ ಕೇಳುವುದಿಲ್ಲ. ಮಾಲೀಕರು ತಮ್ಮ ಹಾಳೆಯ ಮೊದಲ ಸಾಲನ್ನು ಇನ್ನೊಮ್ಮೆ ಓದಿಕೊಂಡರು. "ಮೆಟ್ಟಿಲು ಹೇಗೂ ಗೋಡೆ ಕಡೆ ಬರೋದು. ಕಿಟಕಿ ನೀನೇ ಇಟ್ಕೊಳಯ್ಯ" ಎಂದು ಜೇಬಿನಿಂದ ಪೆನ್ನು ತೆಗೆದರು. ಎರಡೂ ಸಹಿ ಬಿದ್ದ ಮೇಲೆ ಪ್ರತಿ ತೆಗೆಯುವಾಗ ಪ್ರಿಂಟರ್ ಕಾಗದ ಕಚ್ಚಲಿಲ್ಲ. ಟೈಪಕ್ಕ ಅಂದು ಅದಕ್ಕೆ ಬೈಯಲೂ ಇಲ್ಲ.

ಆ ವರ್ಷ ನಮ್ಮಲ್ಲಿ ಹಿಂದೆಂದಿಗಿಂತ ಹೆಚ್ಚು ವ್ಯಾಜ್ಯಗಳು ರಾಜಿಯಾದವು. ಎಲ್ಲವೂ ಅಲ್ಲ, ಎಲ್ಲ ತಿಳಿದೂ ಕೆಲವರು ನ್ಯಾಯಾಲಯಕ್ಕೇ ಹೋದರು, ಅದು ಅವರ ಹಕ್ಕು. ಹಳೆಯ ಹಾಳೆಗಳ ಕಟ್ಟು ರದ್ದಿಗೆ ಹೋಯಿತು. ಹೊಸದನ್ನು ಅಚ್ಚಿಗೆ ಕಳಿಸುವಾಗ ಯಾರ ಸಲಹೆ ಎಂದು ಮೇಲಿನವರು ಕೇಳಿದರು. "ನಮ್ಮ ತಾತ್ಕಾಲಿಕ ಟೈಪಿಸ್ಟರದ್ದು" ಎಂದು ನಾನು ಬರೆದು ಕಳಿಸಿದೆ. ಮುಂದಿನ ತಿಂಗಳು ಬಂದ ಅವರ ನೇಮಕದ ಆದೇಶದಲ್ಲಿ ತಾತ್ಕಾಲಿಕ ಎಂಬ ಪದ ಇರಲಿಲ್ಲ.

ಅಂಗಡಿ ಮತ್ತೆ ತೆರೆದ ದಿನ ನಾವಿಬ್ಬರೂ ಹೋದೆವು. ಪಕ್ಕದಲ್ಲಿ ಹೊಸ ಮೆಟ್ಟಿಲು, ಒಳಗೆ ಕಿಟಕಿಯ ಬೆಳಕು, ಅದರ ಕೆಳಗೆ ಸ್ಟೂಲಿನ ಮೇಲೆ ಟೈಲರನ ಹೆಂಡತಿ. ಟೈಲರ್ ಟೇಪಿನ ಒಂದು ತುದಿ ಗೋಡೆಗೊತ್ತಿ ನಮಗಾಗಿಯೇ ಕಾಯುತ್ತಿದ್ದ.

"ನೋಡಿ ಅಕ್ಕಾ, ಹಳೇ ಗಾರೆ ಕಿತ್ತ ಮೇಲೆ ಎಂಟಡಿ ಮೂರಂಗುಲ ಬಂದಿದೆ. ಮಾಲೀಕರೂ ನಕ್ಕು, ಇರಲಿ ಅಂದ್ರು."

ಟೈಪಕ್ಕ ಕನ್ನಡಕ ಏರಿಸಿ ಟೇಪನ್ನು ತಾವೇ ಓದಿದರು. "ಸರಿ. ಅದನ್ನ ಮೊದಲನೇ ಸಾಲಲ್ಲಿ ಬರ್ಕೊಳ್ಳಿ."